ನಡೆದು ಹೋಗುವ ಅಂಕಿಗಳು

ಕಾರ್ಡಿನ ಅಂಕಿಗಳು ತಾವಾಗಿಯೇ ನಡೆದು ಹೋಗುತ್ತವೆ ಎಂದು ಅಪ್ಪ ಹೇಳಿದ ಮೇಲೆ ಮನೆಯಲ್ಲಿ ಎಲ್ಲರೂ ಅವರ ಜೊತೆ ಮೆಲ್ಲಗೆ ಮಾತಾಡತೊಡಗಿದರು. ಕಿವಿ ಚೆನ್ನಾಗಿಯೇ ಕೇಳಿಸುವ ಮನುಷ್ಯನ ಎದುರು ಹಾಗೆ ಪಿಸುಗುಟ್ಟಿದರೆ ಏನರ್ಥ ಎಂಬುದು ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತುಬಿಡುತ್ತಿದ್ದರು. ಪುಟ ಮಾತ್ರ ತಿರುಗುತ್ತಿರಲಿಲ್ಲ.

ಪುಟ್ಟಿ ಇದನ್ನೆಲ್ಲ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದಳು. ನಲವತ್ತು ಹತ್ತಿರವಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ಆಫೀಸಿನಲ್ಲಿ ಬೆನ್ನ ಹಿಂದೆ ಅವಳಿಗೆ ‘ಸಂಶಯಮ್ಮ’ ಎಂದು ಹೆಸರಿತ್ತು. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ, ಅದಕ್ಕೇ ಸಂಬಳ. ಬ್ಯಾಂಕೊಂದರ ಗ್ರಾಹಕರು ಮನೆಯಲ್ಲೇ ಕೂತು ಬಿಲ್ಲು ಕಟ್ಟುವ ವೆಬ್ ಪುಟವನ್ನು ಅವಳ ಕಂಪನಿ ಮಾಡಿಕೊಟ್ಟಿತ್ತು. ಅಪ್ಪನ ಖಾತೆಯೂ ಅದೇ ಬ್ಯಾಂಕಿನಲ್ಲಿ. "ಕ್ಯೂ ನಿಲ್ಲೋ ಕಷ್ಟ ಯಾಕಪ್ಪಾ, ಇದರಲ್ಲೇ ಕಟ್ಟಿ" ಎಂದು ಅಪ್ಪನ ಕೈಗೆ ಫೋನು ಕೊಟ್ಟು ಕಲಿಸಿದವಳೂ ಅವಳೇ.

ಅಪ್ಪ ಕಲಿತೂ ಬಿಟ್ಟಿದ್ದರು. ಯಂತ್ರಗಳ ಬಿಡಿಭಾಗಗಳ ಉಗ್ರಾಣವನ್ನು ನೋಡಿಕೊಂಡು ನಿವೃತ್ತರಾದವರು. ಅಂಕಿ ಎಂದರೆ ಹೆದರುವವರಲ್ಲ. ಮೂಗಿನ ತುದಿಗೆ ಕನ್ನಡಕ ಇಳಿಸಿ, ಕಾರ್ಡನ್ನು ಬೆಳಕಿಗೆ ಓರೆ ಹಿಡಿದು, ನಾಲ್ಕಂಕಿ ಓದುವುದು, ನಾಲ್ಕಂಕಿ ಒತ್ತುವುದು. ಕಾರ್ಡಿನ ಮೇಲೂ ನಾಲ್ಕು ನಾಲ್ಕಾಗಿ ಬಿಡಿಸಿದ್ದಾರೆ, ಪುಟದಲ್ಲೂ ನಾಲ್ಕಂಕಿ ಆದ ಕೂಡಲೇ ತಾನೇ ಒಂದು ಜಾಗ ಬಿಟ್ಟುಕೊಳ್ಳುತ್ತದೆ. "ಯಾರೋ ತಲೆ ಇರೋರು ಮಾಡಿದ್ದಾರೆ ಕಣೇ. ಹದಿನಾರು ಅಂಕಿ ಒಟ್ಟಿಗೆ ಇಟ್ಟಿದ್ದರೆ ಕಣ್ಣು ಜಾರಿಹೋಗ್ತಿತ್ತು" ಎಂದು ಮೊದಲ ಸಲ ಮೆಚ್ಚಿಕೊಂಡಿದ್ದರು. ಪುಟ್ಟಿ ಒಳಗೊಳಗೇ ಉಬ್ಬಿದ್ದಳು.

ಈಗ ಅದೇ ಕಾರ್ಡು ಊಟದ ಮೇಜಿನ ಮೇಲೆ ಅಪರಾಧಿಯಂತೆ ಬಿದ್ದಿತ್ತು. ಈ ವಾರ ಎರಡು ದಿನ ಅಪ್ಪ ಕರೆಂಟು ಬಿಲ್ಲು ಕಟ್ಟಲು ಕೂತಿದ್ದರು. ಎರಡೂ ದಿನ ‘ಸಂಖ್ಯೆ ಸರಿಯಿಲ್ಲ’ ಎಂದು ಕೆಂಪಕ್ಷರ ಬಂದಿತ್ತು, ಮೂರನೆಯ ಸಲ ತಪ್ಪಿದ ಕೂಡಲೇ ಪುಟ ಮರುದಿನದವರೆಗೂ ಬೀಗ ಹಾಕಿಕೊಂಡಿತ್ತು.

"ಶನಿವಾರ ಬ್ಯಾಂಕಿಗೆ ಹೋಗಿ ಬರೋಣ ಅಪ್ಪಾ," ಎಂದ ಅಣ್ಣ, ಅನ್ನ ಕಲಸುತ್ತ. ಅವನದು ನಲ್ಲಿ, ಪೈಪುಗಳ ಅಂಗಡಿ. ಯಾವ ಮಾತನ್ನೂ ಆರ್ಡರು ಬರೆದುಕೊಂಡ ಹಾಗೆ ಮುಗಿಸಿಬಿಡುವ ಅಭ್ಯಾಸ. "ಮ್ಯಾನೇಜರ ಹತ್ತಿರ ಮಾತಾಡಿದ್ದೀನಿ. ಒಂದು ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿದರೆ ಆಯ್ತು. ಇನ್ನು ಮುಂದೆ ನಿಮ್ಮ ಖಾತೆ ನಾನು ನೋಡ್ಕೋತೀನಿ. ನಿಮಗೆ ತಲೆನೋವೇ ಇಲ್ಲ."

"ನನಗೆ ತಲೆನೋವು ಇದೆ ಅಂತ ಯಾರು ಹೇಳಿದ್ರು?"

"ಅಂಕಿ ನಡೀತವೆ ಅಂದಿದ್ದು ನೀವೇ ಅಲ್ವಾ?"

"ನಡೀತವೆ ಕಣೋ. ಒಂದು ಸರಿಮಾಡಕ್ಕೆ ಹೋದ್ರೆ ಇನ್ನೊಂದು ಜಾಗ ಬದಲಾಯಿಸುತ್ತೆ. ನಾನು ನೋಡಿದ್ದೀನಿ."

ಅಣ್ಣ ಹೆಂಡತಿಯ ಮುಖ ನೋಡಿದ. ಅತ್ತಿಗೆ ಸಾರಿನ ಸೌಟನ್ನು ನೋಡಿದಳು.

"ಮರೆವು ಇದೆಯಾ ನೋಡಕ್ಕೆ ಡಾಕ್ಟರು ಗಡಿಯಾರದ ಚಿತ್ರ ಬರೆಸಿದರಲ್ಲ, ಅಪ್ಪ ಸರಿಯಾಗೇ ಬರೆದರಂತೆ," ಎಂದಳು ಪುಟ್ಟಿ.

"ಗಡಿಯಾರದಲ್ಲಿ ಇರೋದು ಹನ್ನೆರಡಂಕಿ. ಕಾರ್ಡಲ್ಲಿ ಹದಿನಾರು," ಎಂದ ಅಣ್ಣ. ತಮಾಷೆಗೆ ಹೇಳಿದ್ದಲ್ಲ. ಅಂಗಡಿಯಲ್ಲಿ ಯಾರದೋ ತಂದೆ ಮನೆ ದಾರಿ ಮರೆತ ಕತೆ ಕೇಳಿ ಬಂದಿದ್ದ ಅವನಿಗೆ ನಿಜವಾದ ಹೆದರಿಕೆಯಿತ್ತು. ಹೆದರಿಕೆ ಬಂದಾಗ ಅವನು ದಬಾಯಿಸುತ್ತಿದ್ದ. "ಕುಣಿಯಲಾರದವನಿಗೆ ನೆಲ ಡೊಂಕು ಅಂತಾರಲ್ಲ, ಹಾಗಾಯ್ತು ನಿಮ್ಮದು. ಪುಟ್ಟೀ, ನೀನೇ ನಿನ್ನೆ ಅದೇ ಕಾರ್ಡಿನಲ್ಲಿ ಬಿಲ್ಲು ಕಟ್ಟಿದೆಯಲ್ಲ. ಯಾವುದಾದರೂ ಅಂಕಿ ಎದ್ದು ಓಡಾಡಿತಾ?"

ಓಡಾಡಿರಲಿಲ್ಲ. ಅವಳು ಕಾರ್ಡು ನೋಡಿಕೊಂಡು ಹದಿನಾರೂ ಅಂಕಿ ಒತ್ತಿದ್ದಳು, ಒಂದೇ ಸಲಕ್ಕೆ ಬಿಲ್ಲು ಸಂದಾಯವಾಗಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ," ಎಂದಳು.

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದರು.

*

ಮರುದಿನ ಆಫೀಸಿನಲ್ಲಿ ಅವಳು ಜಾಣನ ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಆ ಪುಟವನ್ನು ಬರೆದವನು ಜಾಣ. ಹೆಸರಿಗೆ ತಕ್ಕ ಹಾಗೆ ಜಾಣನೇ. ಆದರೆ ಅದನ್ನು ಅವನಿಗಿಂತ ಮೊದಲು ಬೇರೆಯವರು ಹೇಳಲು ಅವನು ಬಿಡುತ್ತಿರಲಿಲ್ಲ.

"ಕಾರ್ಡಿನ ನಂಬರು ಒತ್ತೋ ಕಡೆ ಏನೋ ಐಬಿದೆ," ಎಂದಳು. "ನಡುವೆ ಒಂದು ಅಂಕಿ ತಪ್ಪಾಗಿ ಅದನ್ನ ತಿದ್ದಕ್ಕೆ ಹೋದರೆ ಬೇರೆ ಅಂಕಿಗಳು ಜಾಗ ಬದಲಾಯಿಸ್ತಾವಂತೆ."

"ಯಾರಂತೆ?"

"ಒಬ್ಬ ಗ್ರಾಹಕರು."

"ವಯಸ್ಸಾದವರಾ?"

ಅವಳು ಅವನ ಪರದೆಯತ್ತ ಬೆರಳು ತೋರಿದಳು. ಜಾಣ ಮುಗುಳ್ನಕ್ಕ. "ಸರಿ, ನೋಡೇ ಬಿಡೋಣ ಮೇಡಂ. ಬಾಯಿಮಾತು ಯಾಕೆ?" ಎಂದು ಪುಟ ತೆರೆದು, ಪರೀಕ್ಷೆಗೆಂದೇ ಇಟ್ಟುಕೊಂಡ ಸುಳ್ಳು ಕಾರ್ಡಿನ ನಂಬರು ಒತ್ತಿದ. ಆ ನಂಬರು ಅಲ್ಲಿ ಎಲ್ಲರಿಗೂ ಬಾಯಿಪಾಠ: ಮೊದಲು ಒಂದು ನಾಲ್ಕು, ಆಮೇಲೆ ಬರೀ ಒಂದು. ಒಂದರ ಕೀಲಿಯ ಮೇಲೆ ಬೆರಳಿಟ್ಟು ಪಟಪಟನೆ ಬಡಿದರೆ ಸಾಕು. ಪುಟ ತಾನೇ ನಾಲ್ಕು ನಾಲ್ಕಾಗಿ ಬಿಡಿಸಿಕೊಂಡಿತು. ಎರಡನೆಯ ಗುಂಪಿನ ನಡುವೆ ಹೋಗಿ ಒಂದಂಕಿ ಅಳಿಸಿದ. ಮತ್ತೆ ಒಂದನ್ನು ಒತ್ತಿದ. ಮೊದಲಿದ್ದ ನಂಬರೇ ಬಂತು. ಬಿಲ್ಲು ಸಂದಾಯವಾಯಿತು ಎಂದು ಹಸಿರು ಅಕ್ಷರ ಮೂಡಿತು.

"ಎಲ್ಲಿದೆ ನಿಮ್ಮ ಐಬು?"

"ಇನ್ನೊಂದ್ಸಲ ಮಾಡಿ."

ಇನ್ನೊಂದು ಸಲ ಮಾಡಿದ, ಈ ಬಾರಿ ಮೂರನೆಯ ಗುಂಪಿನಲ್ಲಿ. ಮತ್ತೆ ಹಸಿರು. ಜಾಣ ಕುರ್ಚಿಗೆ ಒರಗಿ ಎರಡೂ ಕೈ ತಲೆಯ ಹಿಂದೆ ಕಟ್ಟಿದ. "ನೀವೇ ಅಲ್ವಾ ಮೇಡಂ ಇದನ್ನ ಪಾಸು ಮಾಡಿದ್ದು? ಈಗ ನಿಮ್ಮ ಮೇಲೆ ನಿಮಗೇ ಸಂಶಯ ಬಂತಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೌದು, ಪಾಸು ಮಾಡಿದ್ದು ಅವಳೇ. ಅದೇ ನಂಬರಿನಲ್ಲಿ, ನಡುವೆ ಅಳಿಸಿ, ಮತ್ತೆ ಒತ್ತಿ, ಹಸಿರು ನೋಡಿಯೇ. ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವುದು ಹೇಗೆ? ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅಪ್ಪನ ಬಗ್ಗೆ ಯೋಚಿಸಿದಳು. ಕಳೆದ ತಿಂಗಳು ಕನ್ನಡಕವನ್ನು ಫ್ರಿಜ್ಜಿನ ಮೇಲಿಟ್ಟು ಮನೆಯೆಲ್ಲ ಹುಡುಕಿದ್ದರು. ಅವಳನ್ನು ಕರೆಯಲು ಹೋಗಿ ಅತ್ತಿಗೆಯ ಹೆಸರು ಹಿಡಿದಿದ್ದರು. ಇಂಥವು ತಾನೇ ಮೊದಲ ಗುರುತು? ಸಂಶಯಕ್ಕೆ ಒಂದು ದಾರಿ ಸಿಕ್ಕರೆ ಸಾಕು, ಅದು ಹೆದ್ದಾರಿ ಮಾಡಿಕೊಳ್ಳುತ್ತದೆ.

ಮನೆಯಲ್ಲಿ ಅಪ್ಪ ಮಂಚದ ಮೇಲೆ ಗೋಡೆಗೆ ತಿರುಗಿ ಮಲಗಿದ್ದರು. ಇನ್ನೂ ಸಂಜೆಯ ಬೆಳಕಿತ್ತು.

"ಅಪ್ಪಾ, ಒಂದ್ಸಲ ನನ್ನ ಎದುರಿಗೆ ಒತ್ತಿ ತೋರಿಸ್ತೀರಾ?"

"ಯಾಕೆ, ನೀನೂ ಗಡಿಯಾರ ಬರೆಸಬೇಕಾ?"

"ಅಪ್ಪಾ..."

"ನನ್ನ ಕೈಲಿ ಆಗಲ್ಲಮ್ಮ. ನೀವೆಲ್ಲ ನೋಡ್ತಾ ನಿಂತರೆ ಬೆರಳು ನಡುಗುತ್ತೆ. ಆಮೇಲೆ ಅದಕ್ಕೂ ಒಂದು ಕಾಯಿಲೆ ಹೆಸರು ಹೇಳ್ತೀರಿ." ಅವರು ಎದ್ದು ಕೂತರು. ಗಲ್ಲದ ಮೇಲೆ ದಿಂಬಿನ ಗೆರೆ ಮೂಡಿತ್ತು. "ನೀನು ಮೊನ್ನೆ ಸರಿಯಾಗಿ ಒತ್ತಿದೆ. ಸರಿಯಾಗಿ ಒತ್ತಿದರೆ ಅದು ನೆಟ್ಟಗೇ ಇರುತ್ತೆ, ನಂಗೂ ಗೊತ್ತು. ತಪ್ಪು ಮಾಡಿ ನೋಡು. ಬೇಕೂಂತಲೇ ಮಾಡು."

ಪುಟ್ಟಿ ಅಪ್ಪನ ಕಾರ್ಡು ತೆಗೆದುಕೊಂಡು ಮಂಚದ ಅಂಚಿನಲ್ಲಿ ಕೂತಳು. ಕಾರ್ಡಿನ ಎರಡನೆಯ ಗುಂಪು ಏಳು, ಒಂದು, ಎಂಟು, ಮೂರು. ಅವಳು ಬೇಕೆಂದೇ ಒಂದರ ಬದಲು ಇನ್ನೊಂದು ಏಳನ್ನು ಒತ್ತಿ, ಮಿಕ್ಕಿದ್ದೆಲ್ಲ ಸರಿಯಾಗಿ ಮುಗಿಸಿದಳು. ಆಮೇಲೆ ಹಿಂದೆ ಹೋಗಿ, ಆ ತಪ್ಪು ಏಳರ ಪಕ್ಕ ಬೆರಳೂರಿ, ಅದನ್ನು ಅಳಿಸಿದಳು.

ಹಿಂದಿದ್ದ ಅಂಕಿಗಳೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದವು. ಮೂರನೆಯ ಗುಂಪಿನ ತಲೆಯಲ್ಲಿದ್ದ ಒಂಬತ್ತು ಎರಡನೆಯ ಗುಂಪಿನ ಬಾಲಕ್ಕೆ ಬಂತು. ನಾಲ್ಕನೆಯದರ ತಲೆಯಲ್ಲಿದ್ದ ಎರಡು ಮೂರನೆಯದರ ಬಾಲಕ್ಕೆ ಹಾರಿತು. ನಾಲ್ಕು ನಾಲ್ಕಾಗಿ ಜೋಡಿಸಲೇಬೇಕೆಂದು ಹಟ ಹಿಡಿದ ಪುಟ, ಒಂದಂಕಿ ಕಡಿಮೆಯಾದ ತಕ್ಷಣ ಇಡೀ ಸಾಲನ್ನು ಕಿತ್ತು ಹೊಸದಾಗಿ ಹೊಲಿದಿತ್ತು. ಅಷ್ಟಾದರೆ ಚಿಂತೆಯಿಲ್ಲ, ಬಿಟ್ಟ ಜಾಗದಲ್ಲಿ ಒಂದನ್ನು ಸೇರಿಸಿದರೆ ಎಲ್ಲ ಮತ್ತೆ ಹಿಂದೆ ಸರಿದು ಸ್ವಸ್ಥಾನ ಸೇರುತ್ತವೆ. ಅವಳು ಒಂದನ್ನು ಒತ್ತಿದಳು.

ಒಂದು ಅಲ್ಲಿ ಬೀಳಲಿಲ್ಲ. ಸಾಲಿನ ಕಟ್ಟಕಡೆಗೆ ಹೋಗಿ ಕೂತಿತು.

ಆಗ ಅವಳು ಆ ಮಿಣುಕುವ ಸಣ್ಣ ಗೀಟನ್ನು ನೋಡಿದಳು, ಮುಂದಿನ ಅಂಕಿ ಎಲ್ಲಿ ಬೀಳುತ್ತದೆಂದು ತೋರಿಸುವ ಗೀಟು. ಅವಳು ಬೆರಳೂರಿದ್ದು ಎರಡನೆಯ ಗುಂಪಿನಲ್ಲಿ. ಸಾಲನ್ನು ಹೊಸದಾಗಿ ಹೊಲಿಯುವ ಗಡಿಬಿಡಿಯಲ್ಲಿ ಪುಟ ಅದನ್ನು ಎತ್ತಿ ಕೊನೆಗೆ ಒಗೆದಿತ್ತು. ಹದಿನಾರು ಅಂಕಿ ಭರ್ತಿಯಾಗಿವೆ, ನಾಲ್ಕು ಗುಂಪೂ ಅಚ್ಚುಕಟ್ಟಾಗಿವೆ, ನಂಬರು ಮಾತ್ರ ಅಪ್ಪನದಲ್ಲ. ಕೆಳಗೆ ಕೆಂಪಕ್ಷರ ಬಂತು.

"ನಡೆದ್ವಾ?" ಎಂದರು ಅಪ್ಪ.

ಪುಟ್ಟಿಗೆ ಆಫೀಸಿನ ಆ ನಂಬರು ಕಣ್ಣ ಮುಂದೆ ಬಂತು. ಅಷ್ಟೂ ಒಂದು. ನಡುವಿನ ಒಂದನ್ನು ತೆಗೆದು ಕೊನೆಗೆ ಇನ್ನೊಂದು ಒಂದನ್ನು ಅಂಟಿಸಿದರೆ ಯಾರಿಗೆ ತಿಳಿಯುತ್ತದೆ? ಒಂದೇ ಥರದ ಬಿಳಿ ಕುರಿಗಳ ಮಂದೆಯಲ್ಲಿ ನಡುವಿನ ಕುರಿ ಹೋಗಿ ಬಾಲಕ್ಕೆ ನಿಂತರೆ ಕುರುಬನಿಗೂ ಗೊತ್ತಾಗುವುದಿಲ್ಲ. ಬೆರಳಿಗೆ ಸುಲಭವೆಂದು ಹಿಡಿದುಕೊಂಡ ಒಂದು ನಂಬರು ಇಡೀ ಆಫೀಸಿನ ಕಣ್ಣಿಗೆ ಮಣ್ಣೆರಚಿತ್ತು. ಅವಳ ಕಣ್ಣಿಗೂ.

"ನಡೆದವು ಅಪ್ಪಾ," ಎಂದಳು. "ನೀವು ಹೇಳಿದ ಹಾಗೇ ನಡೆದವು."

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

*

"ಇದು ಸಣ್ಣ ವಿಷಯ ಮೇಡಂ," ಎಂದ ಬಾಸು.

ಶುಕ್ರವಾರ ಬೆಳಿಗ್ಗೆ ಅವಳು ಜಾಣನ ಎದುರು, ಬಾಸಿನ ಎದುರು, ಬೇರೆ ಬೇರೆ ಅಂಕಿಗಳಿರುವ ಇನ್ನೊಂದು ಪರೀಕ್ಷೆಯ ನಂಬರು ಒತ್ತಿ, ನಡುವೆ ತಿದ್ದಿ ತೋರಿಸಿದ್ದಳು. ಮೊದಲ ಸಲಕ್ಕೇ ಕೆಂಪು. ಜಾಣ ಮುಂದಕ್ಕೆ ಬಾಗಿ ತಾನೇ ಮಾಡಿ ನೋಡಿದ. ಅವನಿಗೂ ಕೆಂಪು. ಅವನ ಬಾಯಿಂದ ಹೊರಟ ಮೊದಲ ಮಾತು, "ಹಾಂ, ಇದಾ."

"ಹಾಂ ಇದಾ ಅಂದ್ರೆ?"

"ಜಾಗ ಬಿಡಿಸೋಕೆ ಪ್ರತಿ ಸಲಾನೂ ಪೂರ್ತಿ ಅಳಿಸಿ ವಾಪಸ್ ಬರೀತೀವಲ್ಲ, ಆಗ ಕರ್ಸರು, ಆ ಮಿಣುಕೋ ಗೀಟು, ಕೊನೆಗೆ ಹೋಗುತ್ತೆ. ಅದರ ಎಡಗಡೆ ಎಷ್ಟು ಅಂಕಿ ಇದ್ವು ಅಂತ ಎಣಿಸಿಟ್ಟುಕೊಂಡು, ಬರೆದಾದ ಮೇಲೆ ಅಷ್ಟೇ ಅಂಕಿ ಆದಮೇಲೆ ಕೂರಿಸಬೇಕು. ನಡುವಿನ ಖಾಲಿ ಜಾಗಗಳನ್ನ ಲೆಕ್ಕಕ್ಕೆ ಹಿಡೀಬಾರದು. ಮಧ್ಯಾಹ್ನದೊಳಗೆ ಮಾಡಬಹುದು." ಹೇಳುತ್ತ ಹೇಳುತ್ತ ಅವನ ದನಿಗೆ ಹಳೆಯ ಠೀವಿ ವಾಪಸು ಬಂತು. "ಆದರೆ ನಡುವೆ ಯಾರು ತಿದ್ದುತ್ತಾರೆ ಮೇಡಂ? ತಪ್ಪಾದರೆ ಎಲ್ಲ ಅಳಿಸಿ ಹೊಸದಾಗಿ ಹೊಡೀತಾರೆ."

"ತಪ್ಪಾದ ಕಡೆ ತಿದ್ದೋದು ಬಿಟ್ಟು ಎಲ್ಲ ಯಾಕೆ ಅಳಿಸಬೇಕು? ನಿಮ್ಮ ಅಂಗೀಲಿ ಒಂದು ಗುಂಡಿ ತಪ್ಪು ಹಾಕ್ಕೊಂಡರೆ ಅಂಗೀನೇ ಬಿಚ್ಚಿ ಒಗೀತೀರಾ?"

ಬಾಸು ನಡುವೆ ಬಂದ. "ಸರಿ ಸರಿ, ಸರಿಮಾಡೋಣ. ಆದರೆ ಹಣದ ಪುಟ ಇದು. ಒಂದು ಚುಕ್ಕೆ ಬದಲಾಯಿಸಿದರೂ ಬ್ಯಾಂಕಿನವರು ಒಪ್ಪಬೇಕು. ಅವರ ಸಭೆ ಇರೋದು ಮುಂದಿನ ತಿಂಗಳು."

"ಮುಂದಿನ ತಿಂಗಳಾ? ನಾಳೆ ಶನಿವಾರ!"

"ನಾಳೆ ಏನಿದೆ?"

ನಾಳೆ ಒಬ್ಬ ಮನುಷ್ಯ ತನ್ನ ಬುದ್ಧಿ ಕೆಟ್ಟಿದೆಯೆಂದು ಸೈನ್ ಹಾಕಲಿದ್ದಾನೆ ಎಂದು ಹೇಳಬೇಕೆನಿಸಿತು. ಹೇಳಿದರೆ ಸಂಶಯಮ್ಮ ಮನೆ ರಗಳೆಯನ್ನು ಆಫೀಸಿಗೆ ತಂದಳು ಎನ್ನುತ್ತಾರೆ. "ಗ್ರಾಹಕರಿಗೆ ಒಂದು ಸೂಚನೆಯನ್ನಾದರೂ ಹಾಕಿ. ತಪ್ಪಾದರೆ ಕೊನೆಯಿಂದ ಅಳಿಸಿ ಅಂತ."

"ಸೂಚನೆ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ," ಎಂದ ಬಾಸು, ಬಹಳ ತಾಳ್ಮೆಯಿಂದ. "ಅದಕ್ಕೂ ಬ್ಯಾಂಕು ಒಪ್ಪಬೇಕು."

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ತಲೆಯನ್ನಾದರೂ ಆಡಿಸುತ್ತದೆ. ಅವಳು ತಪ್ಪಿನ ವಿವರ ಬರೆದು ದಾಖಲಿಸಿದಳು. ‘ಗಂಭೀರ’ ಎಂದು ಗುರುತು ಹಾಕಿದ್ದನ್ನು ಸಂಜೆಯ ಹೊತ್ತಿಗೆ ಯಾರೋ ‘ಸಾಧಾರಣ’ ಎಂದು ಬದಲಾಯಿಸಿದ್ದರು.

*

ಶನಿವಾರ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಜಾರದಲ್ಲಿ ನಿಂತಿದ್ದ. ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ಪಾದಕ್ಕೆ ಚಪ್ಪಲಿಯೂ ಇತ್ತು. ಅದನ್ನು ನೋಡಿ ಪುಟ್ಟಿ ಅಣ್ಣನ ಎದುರು ಬಂದು ನಿಂತಳು.

"ಪುಟದಲ್ಲೇ ತಪ್ಪಿದೆ ಅಂತ ಎರಡು ದಿನದಿಂದ ಬಡ್ಕೋತಾ ಇದ್ದೀನಿ," ಎಂದಳು.

"ನಿಮ್ಮ ಕಂಪನಿಯವರು ಒಪ್ಪಿಕೊಂಡ್ರಾ?"

"ಒಪ್ಪಿಕೊಂಡ್ರು. ಸರಿಮಾಡೋದು ಮುಂದಿನ ತಿಂಗಳು."

"ಅಷ್ಟು ದೊಡ್ಡ ತಪ್ಪಾಗಿದ್ರೆ ಮುಂದಿನ ತಿಂಗಳವರೆಗೂ ಬಿಡ್ತಾರಾ? ನೀನು ಅಪ್ಪನ ಮುಖ ನೋಡಿ ಕರಗಿದ್ದೀಯ, ಅಷ್ಟೇ. ನನಗೇನು ಅವರ ಖಾತೆ ಬೇಕಾಗಿದೆಯಾ? ನಾಳೆ ಏನಾದ್ರೂ ಎಡವಟ್ಟಾದ್ರೆ ಓಡಬೇಕಾದವನು ನಾನು."

ಅವನ ಮಾತಿನಲ್ಲೂ ನ್ಯಾಯವಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ನಿನ್ನ ಕಾರ್ಡೂ ಅದೇ ಬ್ಯಾಂಕಿಂದು ತಾನೇ?"

"ಹೌದು. ಏನೀಗ?"

"ಕೂತ್ಕೋ. ನಿನ್ನ ಕಾರ್ಡಿನ ನಂಬರು ಒತ್ತು. ಎರಡನೇ ಗುಂಪಲ್ಲಿ ಬೇಕೂಂತ ಒಂದು ತಪ್ಪು ಮಾಡಿ, ಪೂರ್ತಿ ಮುಗಿಸಿ, ಆಮೇಲೆ ಅದೊಂದನ್ನ ಮಾತ್ರ ತಿದ್ದು. ಸರಿಹೋದ್ರೆ ನಾನೇ ಅಪ್ಪನ್ನ ಬ್ಯಾಂಕಿಗೆ ಕರ್ಕೊಂಡು ಬರ್ತೀನಿ."

"ಇದೇನು ಮಕ್ಕಳಾಟ!"

"ಮಾಡ್ರೀ," ಎಂದಳು ಅತ್ತಿಗೆ ಒಳಗಿನಿಂದ. ಇಷ್ಟು ದಿನ ಸೌಟು ನೋಡುತ್ತಿದ್ದವಳು ಈಗ ಬಾಗಿಲಿಗೆ ಬಂದು ನಿಂತಿದ್ದಳು. "ಒಂದು ನಿಮಿಷದ ಕೆಲಸ. ಹದಿನಾರೇ ಅಂಕಿ ಅಲ್ವಾ?"

ಅಣ್ಣ ಫೋನು ತೆಗೆದ. ದಪ್ಪ ಬೆರಳು, ಆದರೆ ಚುರುಕು. ದಿನಕ್ಕೆ ನೂರು ಬಿಲ್ಲು ಹೊಡೆಯುವ ಕೈ. ಒತ್ತಿದ, ತಪ್ಪು ಮಾಡಿದ, ಮುಗಿಸಿದ, ಹಿಂದೆ ಹೋಗಿ ಅಳಿಸಿದ, ತಿದ್ದಿದ. ಕೆಂಪಕ್ಷರ.

"ಎಲ್ಲೋ ಬೆರಳು ಜಾರಿತು."

ಎರಡನೆಯ ಸಲ ಅವನು ತುಟಿ ಕಚ್ಚಿಕೊಂಡು ನಿಧಾನವಾಗಿ ಮಾಡಿದ. ಅಳಿಸಿ, ತಿದ್ದಿ, ಕಾರ್ಡಿನ ಪಕ್ಕ ಫೋನಿಟ್ಟು ಹೋಲಿಸಿ ನೋಡಿದ. ಹುಬ್ಬು ಗಂಟಿಕ್ಕಿತು. "ಈ ಐದು ಇಲ್ಲಿಗೆ ಹೇಗೆ ಬಂತು? ನಾನು ಇದನ್ನ ಮುಟ್ಟೇ ಇಲ್ಲ." ಆ ಐದನ್ನು ಅಳಿಸಿದ. ಮೂರನೆಯ ಗುಂಪು ಕದಲಿತು. ಅಲ್ಲೊಂದು ತಿದ್ದಲು ಹೋದ, ನಾಲ್ಕನೆಯದು ಕೆಟ್ಟಿತು. "ಏಯ್, ಇದೇನಿದು, ಎಲ್ಲಾ ಎಲ್ಲಿಗೆ ಹೋಗ್ತಾ ಇವೆ?"

ಅಪ್ಪ ತಲೆಯೆತ್ತಿ ಅವನನ್ನು ನೋಡಿದರು. ತಾನು ಏನು ಹೇಳಿದೆ ಎಂಬುದು ಅಣ್ಣನಿಗೆ ಒಂದು ಕ್ಷಣ ತಡವಾಗಿ ಹೊಳೆಯಿತು. ಅವನ ಕುತ್ತಿಗೆ ಕೆಂಪಾಯಿತು. ಕೋಪದಲ್ಲಿ ಸಂದಾಯದ ಗುಂಡಿಯನ್ನು ಒತ್ತಿದ. ಕೆಂಪು. ಮತ್ತೆ ಒತ್ತಿದ. ಪುಟ ಬೀಗ ಹಾಕಿಕೊಂಡಿತು.

"ನೆಟ್‌ವರ್ಕು," ಎಂದ.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ಬನ್ನಿ, ಗಡಿಯಾರ ಬರೆಸ್ತೀನಿ," ಎಂದಳು.

ಅಪ್ಪ ನಗಲಿಲ್ಲ. ಬಗ್ಗಿ ಒಂದೊಂದೇ ಚಪ್ಪಲಿ ಬಿಚ್ಚಿ ಕುರ್ಚಿಯ ಕೆಳಗೆ ಸರಿಸಿದರು. "ಮ್ಯಾನೇಜರಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳಪ್ಪ," ಎಂದರು. "ಕಾದು ಕೂತಿರ್ತಾರೆ ಪಾಪ."

ಅಣ್ಣ ಫೋನು ಹಿಡಿದು ಜಗಲಿಗೆ ಹೋದ. ಅವನು ಅಲ್ಲಿ ತಗ್ಗಿದ ದನಿಯಲ್ಲಿ ಏನೋ ವಿವರಿಸುತ್ತಿದ್ದುದು ಕೇಳಿಸಿತು. ‘ತಪ್ಪು’ ಎಂಬ ಮಾತು ಎಲ್ಲಿಯೂ ಬರಲಿಲ್ಲ. ‘ಇನ್ನೊಂದು ದಿನ ನೋಡೋಣ’ ಎಂಬುದು ಬಂತು. ಪುಟ್ಟಿ ಹಲ್ಲು ಕಚ್ಚಿದಳು. ಇನ್ನೊಂದು ದಿನವಂತೆ.

ಅವಳು ಅಪ್ಪನ ಪಕ್ಕ ಕೂತು ಹೇಳಿದಳು: "ಪುಟ ಸರಿಹೋಗೋವರೆಗೂ ತಪ್ಪಾದ್ರೆ ನಡುವೆ ಮುಟ್ಟಬೇಡಿ ಅಪ್ಪಾ. ಕೊನೆಯಿಂದ ಒಂದೊಂದೇ ಅಳಿಸ್ತಾ ತಪ್ಪಿನವರೆಗೂ ಬನ್ನಿ, ಅಲ್ಲಿಂದ ಮತ್ತೆ ಒತ್ತಿ. ಆಗ ಏನೂ ಆಗಲ್ಲ."

"ಮಾಡ್ತೀನಿ ಬಿಡು," ಎಂದರು ಅಪ್ಪ. ಆಮೇಲೆ ಸ್ವಲ್ಪ ಹೊತ್ತು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. "ನನಗೆ ನೀನಿದ್ದೆ, ಹೇಳಿದೆ. ಆ ಪುಟದಲ್ಲಿ ಊರಿಗೆ ಊರೇ ಬಿಲ್ಲು ಕಟ್ಟುತ್ತಲ್ಲ ಪುಟ್ಟೀ. ಮುಂದಿನ ತಿಂಗಳೊಳಗೆ ಇನ್ನೆಷ್ಟು ಜನ ಚಪ್ಪಲಿ ಹಾಕ್ಕೊಂಡು ಮಗನ ಹಿಂದೆ ಬ್ಯಾಂಕಿಗೆ ಹೋಗ್ತಾರೋ?"

ಶನಿವಾರ ಬಾಸು ಫೋನು ಎತ್ತುವುದಿಲ್ಲವೆಂದು ಗೊತ್ತಿದ್ದೂ ಪುಟ್ಟಿ ಅವನ ನಂಬರನ್ನು ಹುಡುಕಿ ಒತ್ತಿದಳು. ರಿಂಗಾಯಿತು, ನಿಂತಿತು. ಅವಳು ಮತ್ತೆ ಒತ್ತಿದಳು.